ವ್ಯಾಕ್ ಲೆಕ್ಕದಲ್ಲಿ ಟ್ಯಾಕ್ಸ್ ಶೀಲ್ಡ್, ಟಾರ್ಗೆಟ್ ಸಾಲ: ಪದೇ ಪದೇ ಕೇಳೋ ಪ್ರಶ್ನೆಗಳು

ಪೀಣ್ಯ, ಬೊಮ್ಮಸಂದ್ರ ಕಡೆ ವರ್ಕ್‌ಶಾಪ್ ನಡೆಸೋರು, ಸಿಎ ಆರ್ಟಿಕಲ್‌ಶಿಪ್ ಮಾಡ್ತಿರೋ ಹುಡುಗ್ರು, ಸ್ಟಾರ್ಟಪ್‌ಗಳಲ್ಲಿ ಫೈನಾನ್ಸ್ ನೋಡ್ಕೊಳ್ಳೋರು ನನ್ನ ಹತ್ರ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಅವರು ಕೇಳಿದ ಮಾತಲ್ಲೇ ಇಟ್ಟಿದೀನಿ. ವ್ಯಾಕ್ ಅಂದ್ರೆ ಸ್ವಂತ ದುಡ್ಡಿನ ವೆಚ್ಚ, ಸಾಲದ ವೆಚ್ಚ ಎರಡನ್ನೂ ಅವುಗಳ ಪಾಲಿನ ಪ್ರಕಾರ ಬೆರೆಸಿದ ಸರಾಸರಿ ದರ. ಎಲ್ಲದಕ್ಕೂ ಒಂದೇ ಉದಾಹರಣೆ ಇಟ್ಕೊಂಡಿದೀನಿ, ಅದ್ರ ಅಂಕಿಗಳು ಕೈಯಲ್ಲೇ ಲೆಕ್ಕ ಹಾಕೋಕೆ ಆಗ್ಲಿ ಅಂತ ನಾನೇ ಹೊಂದಿಸಿದ್ದು.

## ಮೊದಲ ಪಾಠ

ಬ್ಯಾಂಕ್ ಲೋನ್ ನಂಗೆ 10%ಗೆ ಸಿಗತ್ತೆ, ಮತ್ತೆ ನೀವ್ಯಾಕೆ ಸರ್ 13% ಹಿಡಿದು ಲೆಕ್ಕ ಹಾಕಿ ಅಂತೀರಾ?

ಯಾಕಂದ್ರೆ ಬ್ಯಾಂಕ್ ನಿಮಗೆ 10%ಗೆ ಕೊಡ್ತಿರೋದೇ ನಿಮ್ಮ ಸ್ವಂತ ದುಡ್ಡು ಅದರ ಮುಂದೆ ನಿಂತಿದೆ ಅಂತ. ಆರ್ಡರ್ ಕೈಕೊಟ್ರೆ ಮೊದಲ ಏಟು ಬೀಳೋದು ನಿಮಗೆ, ಬ್ಯಾಂಕಿಗಲ್ಲ. ಆ ಏಟು ತಗೊಳ್ಳೋ ದುಡ್ಡಿಗೂ ಒಂದು ಬೆಲೆ ಇದೆ, ಅದು ಚೆಕ್ ಬರೆದು ಯಾರಿಗೂ ಕೊಡೋದಲ್ಲ ಆದ್ರಿಂದ ಕಣ್ಣಿಗೆ ಕಾಣಲ್ಲ ಅಷ್ಟೆ. ಅದೇ ರಿಸ್ಕ್ ಇರೋ ಬೇರೆ ಕಡೆ ಆ ದುಡ್ಡು ಹಾಕಿದ್ರೆ ಎಷ್ಟು ನಿರೀಕ್ಷೆ ಮಾಡ್ಬಹುದಿತ್ತೋ ಅದೇ ಈಕ್ವಿಟಿಯ ವೆಚ್ಚ.

ನಮ್ಮ ಉದಾಹರಣೆಯಲ್ಲಿ ಈಕ್ವಿಟಿ ವೆಚ್ಚ 16.67%, ಸಾಲದ ಬಡ್ಡಿ 10%, ಟ್ಯಾಕ್ಸ್ 25%, ಕಂಪನಿಯ ಒಟ್ಟು ಬೆಲೆಯಲ್ಲಿ 60% ಈಕ್ವಿಟಿ 40% ಸಾಲ ಅಂತ ಇಟ್ಕೊಳ್ಳಿ. ಸೂತ್ರ ಇಷ್ಟೇ:

```
WACC = E/V*Re + D/V*Rd*(1-T)
     = 0.60*16.67% + 0.40*10%*(1-0.25)
     = 10% + 3% = 13%
```

ಎರಡನೇ ತುಂಡಿನಲ್ಲಿರೋ `(1-T)` ಇದೆಯಲ್ಲ, ಅದೇ ಟ್ಯಾಕ್ಸ್ ಶೀಲ್ಡ್. ಅದಿಲ್ದಿದ್ರೆ ಆ ತುಂಡು 4% ಆಗಿ ಒಟ್ಟು 14% ಬರ್ತಿತ್ತು. ಅಂದ್ರೆ ಬಡ್ಡಿಗೆ ಸಿಗೋ ಟ್ಯಾಕ್ಸ್ ರಿಯಾಯಿತಿ ನಿಮ್ಮ ದರವನ್ನ ಸರಿಯಾಗಿ 1% ಇಳಿಸಿದೆ. ಈ 14 ಮತ್ತು 13ನ್ನ ನೆನಪಿಟ್ಕೊಳ್ಳಿ, ಕೊನೆವರೆಗೂ ಇವೆರಡೇ ಬರ್ತಾ ಇರತ್ತೆ.

ಬಡ್ಡಿ ಕಟ್ಟಿದ್ರೆ ಟ್ಯಾಕ್ಸ್ ಉಳಿಯತ್ತೆ ಅಂತಾರಲ್ಲ, ಆ ದುಡ್ಡು ನಿಜವಾಗ್ಲೂ ಎಲ್ಲಿಂದ ಬರತ್ತೆ?

ಸರ್ಕಾರದಿಂದ. ಬಡ್ಡಿಯನ್ನ ಬಿಸಿನೆಸ್ ಖರ್ಚು ಅಂತ ಲಾಭದಿಂದ ಕಳೀಬಹುದು, ಡಿವಿಡೆಂಡ್ ಕಳೆಯೋಕೆ ಆಗಲ್ಲ. 4 ಲಕ್ಷ ಬಡ್ಡಿ ಕಟ್ಟಿದ್ರೆ ಟ್ಯಾಕ್ಸ್ ಹಾಕೋ ಲಾಭ 4 ಲಕ್ಷ ಕಮ್ಮಿ ಆಗತ್ತೆ, 25% ದರದಲ್ಲಿ 1 ಲಕ್ಷ ಟ್ಯಾಕ್ಸ್ ಉಳಿಯತ್ತೆ.

ದರ ಯಾವುದು ಹಾಕ್ಬೇಕು ಅನ್ನೋದನ್ನ ತುಂಬ ಜನ ತಪ್ಪು ಮಾಡ್ತಾರೆ. 2019 ಸೆಪ್ಟೆಂಬರ್‌ನಲ್ಲಿ ಬಂದ 22% ಆಯ್ಕೆ ತಗೊಂಡಿರೋ ಕಂಪನಿಗೆ 22ರ ಮೇಲೆ 10% ಸರ್‌ಚಾರ್ಜ್ ಸೇರಿ 24.2, ಅದರ ಮೇಲೆ 4% ಸೆಸ್ ಸೇರಿ 25.168% ಆಗತ್ತೆ. ನಾನು ಇಲ್ಲಿ 25 ಅಂತ ದುಂಡು ಮಾಡಿದೀನಿ. ಹೋದ ವರ್ಷದ ಪಿ ಅಂಡ್ ಎಲ್ ತೆಗೆದು ಕಟ್ಟಿದ ಟ್ಯಾಕ್ಸ್ ಭಾಗಿಸು ಲಾಭ ಅಂತ 19%, 21% ಬಂದಿದ್ದನ್ನ ಹಾಕ್ಬೇಡಿ, ಅದು ಹಳೇ ಡೆಪ್ರಿಸಿಯೇಶನ್, ಹಳೇ ನಷ್ಟ ಎಲ್ಲ ಬೆರೆತಿರೋ ಸರಾಸರಿ. ಇನ್ನೊಂದು ರೂಪಾಯಿ ಬಡ್ಡಿ ಕಟ್ಟಿದ್ರೆ ಎಷ್ಟು ಪೈಸೆ ಉಳಿಯತ್ತೋ ಆ ದರ ಬೇಕು.

ಬ್ಯಾಂಕಿನ ಬಡ್ಡಿ ಕಟ್ಟಿದ್ರೆ ಮಾತ್ರ ಕಳೆಯೋಕೆ ಸಿಗತ್ತೆ, ಪುಸ್ತಕದಲ್ಲಿ ಬಾಕಿ ಅಂತ ತೋರಿಸಿ ಸುಮ್ನಿದ್ರೆ ಸಿಗಲ್ಲ. ಹೊಸ ಮೆಷಿನ್‌ಗೆ ಅಂತ ತಂದ ಸಾಲದ ಬಡ್ಡಿ, ಮೆಷಿನ್ ಕೆಲಸಕ್ಕೆ ಹಚ್ಚೋ ದಿನದವರೆಗಿನದ್ದು, ಮೆಷಿನ್ ಬೆಲೆಗೇ ಸೇರತ್ತೆ. ಆ ಭಾಗದ ಶೀಲ್ಡ್ ಡೆಪ್ರಿಸಿಯೇಶನ್ ಮೂಲಕ ನಿಧಾನವಾಗಿ ಬರತ್ತೆ.

ನಮ್ಮದು ಪ್ರೈವೇಟ್ ಲಿಮಿಟೆಡ್, ಷೇರಿಗೆ ರೇಟೇ ಇಲ್ಲ. 60:40 ಅಂತ ಎಲ್ಲಿಂದ ತರೋದು? ಬ್ಯಾಲೆನ್ಸ್ ಶೀಟ್ ನೋಡಿ ಹಾಕ್ಬಹುದಾ?

ಬ್ಯಾಲೆನ್ಸ್ ಶೀಟ್‌ನಲ್ಲಿರೋ ಈಕ್ವಿಟಿ ಅಂದ್ರೆ ನಿಮ್ಮಪ್ಪ 20 ವರ್ಷದ ಹಿಂದೆ ಹಾಕಿದ ಬಂಡವಾಳ ಮತ್ತೆ ಅಲ್ಲಿಂದ ಇಲ್ಲಿವರೆಗೆ ಉಳಿಸಿದ ಲಾಭ. ಇವತ್ತು ಯಾರಾದ್ರೂ ಕಂಪನಿ ತಗೊಳ್ತೀನಿ ಅಂದ್ರೆ ಆ ಬೆಲೆಗೆ ಕೊಡ್ತೀರಾ? ಕೊಡಲ್ಲ ತಾನೆ. ಹಾಗಾಗಿ ಆ ಅನುಪಾತ ಬೇಡ.

ಅದರ ಬದಲು ಟಾರ್ಗೆಟ್ ಅಂತ ಕೇಳೋದು ಇದನ್ನ: ಮುಂದಿನ ವರ್ಷಗಳಲ್ಲಿ ಕಂಪನಿಯ ಮಾರ್ಕೆಟ್ ಬೆಲೆಯ ಎಷ್ಟು ಪಾಲು ಸಾಲ ಇಟ್ಕೊಂಡು ಹೋಗ್ಬೇಕು ಅಂತಿದೀರಾ? ಉತ್ತರಕ್ಕೆ ನಾನು ಎರಡು ಕಡೆ ನೋಡ್ತೀನಿ. ಒಂದು, ಅದೇ ಲೈನಿನ ಲಿಸ್ಟೆಡ್ ಕಂಪನಿಗಳು ಮಾರ್ಕೆಟ್ ಬೆಲೆ ಲೆಕ್ಕದಲ್ಲಿ ಎಷ್ಟು ಸಾಲ ಹೊತ್ತಿವೆ, ಒಂದೇ ದಿನದ್ದಲ್ಲ, ನಾಲ್ಕೈದು ವರ್ಷದ್ದು. ಎರಡು, ನಿಮ್ಮ ಹಳೇ ನಡವಳಿಕೆ: ಸಾಲ ಯಾವ ಮಟ್ಟಕ್ಕೆ ಏರಿದಾಗ ನೀವೇ ಹೆದರಿ ತೀರಿಸೋಕೆ ಶುರು ಮಾಡಿದ್ರಿ, ಬ್ಯಾಂಕ್ ಮ್ಯಾನೇಜರ್ ಟಿಒಎಲ್ ಭಾಗಿಸು ಟಿಎನ್‌ಡಬ್ಲ್ಯೂ, ಅಂದ್ರೆ ಹೊರಗಿನವರಿಗೆ ಕೊಡಬೇಕಾದ ಒಟ್ಟು ಬಾಕಿ ಭಾಗಿಸು ನಿಮ್ಮ ಸ್ವಂತ ಬಂಡವಾಳ, ಜಾಸ್ತಿ ಆಯ್ತು ಅಂತ ತಕರಾರು ತೆಗೆದಿದ್ದು ಯಾವಾಗ. ಇವೆರಡೂ ಹತ್ತಿರ ಬಂದ್ರೆ ಅದೇ ಟಾರ್ಗೆಟ್. ದೂರ ಇದ್ರೆ ನಾನು ನಿಮ್ಮ ನಡವಳಿಕೆಯನ್ನೇ ನಂಬ್ತೀನಿ, ಸಾಲ ಹೊರೋದು ನೀವು.

## ಲೆಕ್ಕಕ್ಕೆ ಇಳಿದ ಮೇಲೆ

ಒಂದು ಪೂರ್ತಿ ಲೆಕ್ಕ ಹಾಕಿ ತೋರ್ಸಿ, ಸೂತ್ರ ಎಲ್ಲಾ ಕಡೆ ಸಿಗತ್ತೆ

ಆಯ್ತು. ಪೀಣ್ಯದ ಒಂದು ಶೆಡ್ ಅಂದ್ಕೊಳ್ಳಿ. ಎರಡು ವರ್ಷದ ಆರ್ಡರ್ ಬಂದಿದೆ, ಅದಕ್ಕೆ ಸೆಕೆಂಡ್ ಹ್ಯಾಂಡ್ ವಿಎಂಸಿ ಮೆಷಿನ್, ಫಿಕ್ಸ್ಚರ್, ಟೂಲಿಂಗ್ ಎಲ್ಲ ಸೇರಿ 95 ಲಕ್ಷ ಬೇಕು. ಸಾಲಾನೇ ಇಲ್ಲ ಅಂತ ಅಂದ್ಕೊಂಡು, ಟ್ಯಾಕ್ಸ್ ಕಳೆದು, ಕೈಗೆ ಬರೋ ಕ್ಯಾಶ್ ಮೊದಲ ವರ್ಷ 56.5 ಲಕ್ಷ, ಎರಡನೇ ವರ್ಷ ಮೆಷಿನ್ ಮಾರಿದ್ದೂ ಸೇರಿ 63.845 ಲಕ್ಷ.

ಮುಂದೆ ಬರೋ ಈ ದುಡ್ಡನ್ನ 13%ನಲ್ಲಿ ಇವತ್ತಿನ ಬೆಲೆಗೆ ಇಳಿಸಿದ್ರೆ:

```
56.5/1.13 + 63.845/1.13^2 = 50 + 50 = 100
NPV = 100 - 95 = 5 lakh
```

ಇಲ್ಲಿ ಒಂದು ಸೂಕ್ಷ್ಮ ಇದೆ, ದಯವಿಟ್ಟು ಓಡಿ ಹೋಗ್ಬೇಡಿ. 40% ಅನ್ನೋದು 100 ಲಕ್ಷದ ಬೆಲೆಯ ಮೇಲೆ, 95 ಲಕ್ಷದ ಖರ್ಚಿನ ಮೇಲಲ್ಲ. ಅಂದ್ರೆ ಈ ಕೆಲಸಕ್ಕೆ ಟಾರ್ಗೆಟ್ ಪ್ರಕಾರದ ಸಾಲ 40 ಲಕ್ಷ, 38 ಅಲ್ಲ.

ಬಡ್ಡಿಯನ್ನ ಕ್ಯಾಶ್ ಫ್ಲೋನಲ್ಲಿ ಕಳೀಬೇಕಾ ಬೇಡ್ವಾ? ನಮ್ಮ ಸಿಎ ಕಳೀಬೇಕು ಅಂತಾರೆ

ಸಿಎ ಹೇಳೋದು ಅಕೌಂಟ್ಸ್‌ಗೆ ಸರಿ. ವ್ಯಾಕ್ ಹಾಕಿ ಇಳಿಸೋ ಕ್ಯಾಶ್ ಫ್ಲೋನಲ್ಲಿ ಬಡ್ಡಿ ಮುಟ್ಟಲೇಬಾರದು, ಬಡ್ಡಿಯಿಂದ ಉಳಿದ ಟ್ಯಾಕ್ಸನ್ನೂ ಮುಟ್ಟಬಾರದು. ಎರಡೂ ಆಗ್ಲೇ 13%ನ ಒಳಗೆ ಕೂತಿವೆ. ಟ್ಯಾಕ್ಸನ್ನ ಬಡ್ಡಿಗೆ ಮುಂಚಿನ ಲಾಭದ ಮೇಲೆ ಹಾಕಿ, ಅಂದ್ರೆ ನಿಜವಾಗಿ ಕಟ್ಟೋದಕ್ಕಿಂತ ಜಾಸ್ತಿ ಟ್ಯಾಕ್ಸ್ ಕಟ್ತಿದೀವಿ ಅನ್ನೋ ಥರ.

ನಾನು ನೋಡೋ ಶೀಟ್‌ಗಳಲ್ಲಿ ಅತಿ ಹೆಚ್ಚು ಇರೋ ತಪ್ಪು ಇದೇ, ಎರಡು ರೂಪದಲ್ಲಿ ಬರತ್ತೆ. ಒಂದ್ರಲ್ಲಿ ಟ್ಯಾಕ್ಸ್ ಸಾಲನ್ನ ಆಡಿಟ್ ಆದ ಪಿ ಅಂಡ್ ಎಲ್‌ನಿಂದ ಹಾಗೇ ಎಳ್ಕೊಂಡು ಬಂದಿರ್ತಾರೆ. ಅದ್ರಲ್ಲಿ ಬಡ್ಡಿ ಕಳೆದಾದ ಮೇಲಿನ ಟ್ಯಾಕ್ಸ್ ಇರತ್ತೆ. ನಮ್ಮ ಉದಾಹರಣೆಯಲ್ಲಿ ಹಾಗೆ ಮಾಡಿದ್ರೆ ಕ್ಯಾಶ್ ಫ್ಲೋ 57.5 ಮತ್ತು 64.41 ಆಗತ್ತೆ, 13%ನಲ್ಲಿ ಬೆಲೆ 101.33 ಬರತ್ತೆ. ಒಂದೇ ಶೀಲ್ಡನ್ನ ಎರಡು ಸಲ ಎಣಿಸಿ 1.33 ಲಕ್ಷ ಗಾಳಿಯಲ್ಲಿ ಹುಟ್ಟಿಸಿದ ಹಾಗಾಯ್ತು. ಇನ್ನೊಂದ್ರಲ್ಲಿ ಬಡ್ಡಿಯನ್ನೂ ಕಳೆದು, ಮತ್ತೆ 13%ನಲ್ಲೂ ಇಳಿಸ್ತಾರೆ, ಆಗ ಬೆಲೆ ಸುಮಾರು 96ಕ್ಕೆ ಬಿದ್ದು ಒಳ್ಳೇ ಆರ್ಡರನ್ನ ಕೈಬಿಡೋ ಹಾಗೆ ಆಗತ್ತೆ.

ಪತ್ತೆ ಹಚ್ಚೋದು ಸುಲಭ. ಶೀಟ್‌ನಲ್ಲಿ ಸಾಲದ ಬಡ್ಡಿ ದರ ಇರೋ ಸೆಲ್‌ನ 10ರಿಂದ 12ಕ್ಕೆ ಬದಲಾಯಿಸಿ. ಕ್ಯಾಶ್ ಫ್ಲೋ ಸಾಲಿನಲ್ಲಿ ಒಂದಾದ್ರೂ ಅಂಕಿ ಅಲ್ಲಾಡಿದ್ರೆ ಶೀಟ್ ತಪ್ಪಿದೆ. ವ್ಯಾಕ್ ಮಾತ್ರ ಬದಲಾಗ್ಬೇಕು.

ಬ್ಯಾಂಕ್ ಈ ಮೆಷಿನ್‌ಗೆ 75% ಫೈನಾನ್ಸ್ ಕೊಡ್ತಿದೆ ಅಣ್ಣ, ಮತ್ತೆ 40% ಅಂತ ಯಾಕೆ ಕಮ್ಮಿ ಹಾಕೋದು?

ಈ ಪ್ರಶ್ನೆ ಕೇಳಿದವರೊಬ್ಬರ ಶೆಡ್‌ಗೆ ನಾನೇ ಹೋಗಿದ್ದೆ. ಸ್ಯಾಂಕ್ಷನ್ ಲೆಟರ್ ತೋರ್ಸಿದ್ರು. ಮೊದಲ ಪುಟದಲ್ಲಿ ಮಾರ್ಜಿನ್ 25% ಅಂತ ದೊಡ್ಡದಾಗಿ ಇತ್ತು, ಅದನ್ನ ಪೆನ್ನಲ್ಲಿ ಗೆರೆ ಎಳೆದಿಟ್ಟಿದ್ರು. ಮೂರನೇ ಪುಟದಲ್ಲಿ ಕೊಲ್ಯಾಟರಲ್ ಅಂತ ಒಂದು ಸಾಲು, ಶೆಡ್‌ನ ಜಾಗ, ಅದರ ಕೆಳಗೆ ಇಬ್ಬರು ಡೈರೆಕ್ಟರ್‌ಗಳ ಪರ್ಸನಲ್ ಗ್ಯಾರಂಟಿ. ಅಲ್ಲಿಗೆ ಯಾರೂ ಗೆರೆ ಎಳೆದಿರ್ಲಿಲ್ಲ.

ಆ 75% ಸಾಲವನ್ನ ಮೆಷಿನ್ ಹೊತ್ತಿಲ್ಲ, ಇಡೀ ಕಂಪನಿ ಹೊತ್ತಿದೆ. ಈ ಮೆಷಿನ್‌ಗೆ ಜಾಸ್ತಿ ಸಾಲ ತಗೊಂಡ್ರೆ ಮುಂದಿನ ಮೆಷಿನ್‌ಗೆ ಕಮ್ಮಿ ಸಿಗತ್ತೆ. ಈ ಸಲ 75% ಅಂತ ಅಗ್ಗದ ದರ ಹಾಕಿ ಸಾಧಾರಣ ಪ್ರಾಜೆಕ್ಟ್ ಪಾಸ್ ಮಾಡಿ, ಮುಂದಿನ ವರ್ಷ ಪೂರ್ತಿ ಸ್ವಂತ ದುಡ್ಡು ಅಂತ 16.67% ಹಾಕಿ ಅದಕ್ಕಿಂತ ಒಳ್ಳೇದನ್ನ ಬಿಡೋದು ನ್ಯಾಯ ಅಲ್ಲ ತಾನೆ.

ಅವರು ಹಾಕಿದ್ದ ಲೆಕ್ಕ ಹೀಗೆ: 0.25 ಗುಣಿಸು 16.67 ಪ್ಲಸ್ 0.75 ಗುಣಿಸು 7.5, ಅಂದ್ರೆ 9.79%. ಆ ದರದಲ್ಲಿ ಬೆಲೆ 104.4 ಲಕ್ಷ, ಲಾಭ 5ರ ಬದಲು 9.4. ತಪ್ಪು ಎಲ್ಲಿದೆ ಅಂದ್ರೆ ಸಾಲ 40ರಿಂದ 75ಕ್ಕೆ ಏರಿದ್ರೂ ಈಕ್ವಿಟಿ ವೆಚ್ಚ 16.67ರಲ್ಲೇ ಕೂತಿದೆ. ಅಷ್ಟು ಸಾಲದ ಕೆಳಗೆ ಕೂತಿರೋ ಈಕ್ವಿಟಿಗೆ ರಿಸ್ಕ್ ಎಷ್ಟೋ ಪಟ್ಟು. ಬಡ್ಡಿ 10ರಲ್ಲೇ ಉಳಿಯತ್ತೆ ಅಂತ ಉದಾರವಾಗಿ ಒಪ್ಕೊಂಡ್ರೂ ಈಕ್ವಿಟಿ ವೆಚ್ಚ 26% ಆಗ್ಬೇಕು, ಅದರ ಸೂತ್ರ ಮುಂದೆ ಹಮಾಡ ಪ್ರಶ್ನೆಯಲ್ಲಿ ಬರತ್ತೆ, ಆಗ ವ್ಯಾಕ್ 12.125% ಬರತ್ತೆ, 9.79 ಅಲ್ಲ. ಸಾಲ ಸುಮಾರು ಎರಡು ಪಟ್ಟು ಮಾಡಿದ್ರೂ ದರ ಇಳಿದಿದ್ದು ಒಂದು ಪರ್ಸೆಂಟ್‌ಗಿಂತ ಕಮ್ಮಿ, ಅದೂ ಪೂರ್ತಿ ಟ್ಯಾಕ್ಸ್ ಶೀಲ್ಡ್‌ನಿಂದ. ಟ್ಯಾಕ್ಸ್ ಇಲ್ಲದ ಲೋಕದಲ್ಲಿ ಸಾಲದಿಂದ ಬೆಲೆ ಬದಲಾಗಲ್ಲ ಅಂತ ಮೊಡಿಲ್ಯಾನಿ ಮತ್ತು ಮಿಲ್ಲರ್ 1958ರಲ್ಲೇ ತೋರಿಸಿದ್ರು, 1963ರಲ್ಲಿ ಟ್ಯಾಕ್ಸ್ ಸೇರಿಸಿ ತಿದ್ದಿದ್ರು. ಅಗ್ಗದ ಸಾಲ ಅನ್ನೋ ಭಾವನೆ ಮಾತ್ರ ಇನ್ನೂ ಹೋಗಿಲ್ಲ.

## ಸ್ವಲ್ಪ ಆಳಕ್ಕೆ

ಟಾರ್ಗೆಟ್ ಅಂದ್ರೆ ಪ್ರತಿ ವರ್ಷ ಸಾಲನ ಹೊಂದಿಸ್ತಾ ಇರ್ಬೇಕಾ? ಹಂಗೆ ಯಾರು ಮಾಡ್ತಾರೆ?

ಸೂತ್ರ ಅದನ್ನೇ ಊಹಿಸ್ಕೊಂಡಿದೆ, ಹೇಳೋದಿಲ್ಲ ಅಷ್ಟೆ. ಎರಡೂ ವರ್ಷಕ್ಕೆ ಒಂದೇ 13% ಹಾಕಿದೀವಿ ಅಂದ್ರೆ ಎರಡೂ ವರ್ಷ ಸಾಲ ಆಯಾ ಹೊತ್ತಿನ ಬೆಲೆಯ 40% ಇರತ್ತೆ ಅಂತ ಅರ್ಥ.

ನೋಡಿ. ಇವತ್ತು ಬೆಲೆ 100, ಸಾಲ 40. ವರ್ಷದ ಕೊನೆಗೆ ಉಳಿದ ಬೆಲೆ 63.845 ಭಾಗಿಸು 1.13, ಅಂದ್ರೆ 56.5. ಅದರ 40% ಅಂದ್ರೆ 22.6. ಹಾಗಾಗಿ ಮೊದಲ ವರ್ಷದಲ್ಲಿ 17.4 ಲಕ್ಷ ಅಸಲು ತೀರ್ಬೇಕು. ಬಡ್ಡಿ ಮೊದಲ ವರ್ಷ 4 ಲಕ್ಷ, ಎರಡನೇ ವರ್ಷ 2.26 ಲಕ್ಷ. ಶೀಲ್ಡ್ 1 ಲಕ್ಷ ಮತ್ತು 0.565 ಲಕ್ಷ.

ಈಗ ವ್ಯಾಕ್ ಬಿಟ್ಟು ಬೇರೆ ದಾರಿಯಲ್ಲಿ ಬನ್ನಿ. ಶೀಲ್ಡನ್ನ ಕ್ಯಾಶ್ ಫ್ಲೋಗೇ ಸೇರಿಸಿ, ದರದಲ್ಲಿ ಟ್ಯಾಕ್ಸ್ ಬಿಟ್ಟು 14% ಹಾಕಿ:

```
57.5/1.14 + 64.41/1.14^2 = 50.44 + 49.56 = 100
```

ಅದೇ 100. ಮಾಲೀಕನ ಕಡೆಯಿಂದಲೂ ನೋಡಿ: ಮೊದಲ ವರ್ಷ 56.5ರಲ್ಲಿ ಟ್ಯಾಕ್ಸ್ ಕಳೆದ ಬಡ್ಡಿ 3, ಅಸಲು 17.4 ಹೋಗಿ 36.1 ಉಳಿಯತ್ತೆ. ಎರಡನೇ ವರ್ಷ 63.845ರಲ್ಲಿ 1.695 ಮತ್ತು 22.6 ಹೋಗಿ 39.55. ಇವನ್ನ 16.67%ನಲ್ಲಿ ಇಳಿಸಿದ್ರೆ 60 ಲಕ್ಷ, ಸರಿಯಾಗಿ 60% ಈಕ್ವಿಟಿ. ಮೂರು ದಾರಿ, ಒಂದೇ ಊರು. ನಾನು ಯಾರ ಶೀಟ್ ನೋಡಿದ್ರೂ ಮೊದಲು ಈ ಮೂರನ್ನೂ ಹಾಕಿ ನೋಡ್ತೀನಿ. ಸೇರದಿದ್ರೆ ಎಲ್ಲೋ ಒಂದು ಕಡೆ ಸಾಲದ ಬಗ್ಗೆ ಎರಡು ಬೇರೆ ಬೇರೆ ಮಾತು ಹೇಳಿದಾರೆ ಅಂತ.

ಹಾಗಂತ ಪ್ರತಿ ಮೆಷಿನ್‌ನ ಲೋನನ್ನ ಹೊಂದಿಸ್ಬೇಕಾಗಿಲ್ಲ. ಇಡೀ ಕಂಪನಿಯ ಒಟ್ಟು ಸಾಲ ಟಾರ್ಗೆಟ್ ಸುತ್ತಮುತ್ತ ಓಡಾಡ್ತಾ ಇದ್ರೆ ಸಾಕು, ಒಂದರ ಅಸಲು ತೀರೋ ಹೊತ್ತಿಗೆ ಇನ್ನೊಂದಕ್ಕೆ ಲೋನ್ ಬಂದಿರತ್ತೆ. ಇನ್ನು ಹೊಂದಿಸೋದು ವರ್ಷಕ್ಕೊಮ್ಮೆ ಮಾತ್ರ ಅಂದ್ರೆ ದರ ಕೂದಲೆಳೆ ಬದಲಾಗತ್ತೆ. ಮೈಲ್ಸ್ ಮತ್ತು ಎಝೆಲ್ 1980ರಲ್ಲಿ ಕೊಟ್ಟ ಸೂತ್ರದಲ್ಲಿ ನಮ್ಮ 13% 12.96% ಆಗತ್ತೆ. ಅದಕ್ಕೆ ತಲೆ ಕೆಡಿಸ್ಕೊಳ್ಳಬೇಡಿ.

ಲಿಸ್ಟೆಡ್ ಕಂಪನಿ ಬೀಟಾ ತಗೊಂಡು ಹಮಾಡ ಸೂತ್ರ ಹಾಕಿದ್ರೆ ನಂಗೆ 13.5% ಬರ್ತಿದೆ, ನಿಮ್ಮ 13% ಹೇಗೆ ಬಂತು?

ಒಳ್ಳೇ ಪ್ರಶ್ನೆ, ಇದು ಗೊತ್ತಿರೋರೂ ಎಡವೋ ಜಾಗ. ನನ್ನ ಊಹೆಗಳು: ರಿಸ್ಕ್ ಇಲ್ಲದ ದರ 7%, ಮಾರ್ಕೆಟ್ ಪ್ರೀಮಿಯಂ 7%, ಸಾಲ ಇಲ್ಲದ ಬಿಸಿನೆಸ್‌ನ ಬೀಟಾ, ಅಂದ್ರೆ ಮಾರ್ಕೆಟ್ ಅಲ್ಲಾಡಿದ್ರೆ ಅದೆಷ್ಟು ಅಲ್ಲಾಡತ್ತೆ ಅನ್ನೋ ಅಳತೆ, 1. ಹಾಗಾಗಿ ಸಾಲ ಇಲ್ಲದ ಬಿಸಿನೆಸ್‌ನ ದರ, ಕೆಳಗಿನ ಸೂತ್ರದ Ru, 14%.

ಹಮಾಡ 1972ರಲ್ಲಿ ಕೊಟ್ಟ ಸೂತ್ರಕ್ಕೆ ಎರಡು ಊಹೆ ಇದೆ. ಸಾಲದ ಮೊತ್ತ ಶಾಶ್ವತವಾಗಿ ಅಷ್ಟೇ ಇರತ್ತೆ ಅನ್ನೋದು ಒಂದು, ಸಾಲಕ್ಕೆ ಬೀಟಾನೇ ಇಲ್ಲ ಅನ್ನೋದು ಇನ್ನೊಂದು. ಅದ್ರಲ್ಲಿ ಈಕ್ವಿಟಿ ಬೀಟಾ 1.5, ವೆಚ್ಚ 17.5%, ವ್ಯಾಕ್ 13.5% ಬರತ್ತೆ. ಆದ್ರೆ ನಾವು ಅನುಪಾತ ಸ್ಥಿರ ಅಂತ ಹೇಳಿದೀವಿ, ಮೊತ್ತ ಸ್ಥಿರ ಅಂತಲ್ಲ. ಮತ್ತೆ ನಮ್ಮ ಸಾಲ 10%, ರಿಸ್ಕ್ ಇಲ್ಲದ 7%ಗಿಂತ 3 ಜಾಸ್ತಿ. ಆ 3ನ್ನೂ ಮಾರ್ಕೆಟ್ ರಿಸ್ಕ್ ಅಂತಲೇ ಹಿಡಿದ್ರೆ ಸಾಲದ ಬೀಟಾ ಸುಮಾರು 0.43. ಅನುಪಾತ ಸ್ಥಿರ ಇದ್ದಾಗ ಲೆಕ್ಕ ಇನ್ನೂ ಸರಳ:

```
Re = Ru + (Ru - Rd)*D/E
   = 14% + (14% - 10%)*40/60 = 16.67%
```

ಇಲ್ಲಿ ಟ್ಯಾಕ್ಸೇ ಇಲ್ಲ ನೋಡಿ. ಸಾಲ ಬೆಲೆಯ ಜೊತೆಗೇ ಏರಿಳಿಯೋದ್ರಿಂದ ಶೀಲ್ಡ್‌ಗೂ ಬಿಸಿನೆಸ್‌ನಷ್ಟೇ ರಿಸ್ಕ್, ಅದಕ್ಕೆ. ಅರ್ಧ ಪರ್ಸೆಂಟ್ ವ್ಯತ್ಯಾಸ ಚಿಕ್ಕದು ಅನ್ಸಬಹುದು, ನಮ್ಮ ಎರಡು ವರ್ಷದ ಕೆಲಸದಲ್ಲೇ ಬೆಲೆ 99.3ಕ್ಕೆ ಇಳಿಯತ್ತೆ. ಇನ್ನೊಂದು: ಆ ಲಿಸ್ಟೆಡ್ ಕಂಪನಿಯ ಬೀಟಾದಿಂದ ಸಾಲ ತೆಗೆಯುವಾಗ ಯಾವ ಸೂತ್ರ ಹಾಕಿದ್ರೋ ನಿಮ್ಮ ಸಾಲ ಸೇರಿಸುವಾಗ ಅದನ್ನೇ ಹಾಕಿ. ತೆಗೆಯೋದಕ್ಕೆ ಒಂದು, ಹಾಕೋದಕ್ಕೆ ಇನ್ನೊಂದು ಮಾಡಿದ್ರೆ ಆ ತಪ್ಪು ಶೀಟ್‌ನಲ್ಲಿ ಕಾಣೋದೇ ಇಲ್ಲ.

ನಮ್ಮ ಲೋನ್ ಶೆಡ್ಯೂಲ್ ಫಿಕ್ಸ್, ಟಾರ್ಗೆಟ್ ಗಿರ್ಗೆಟ್ ಏನಿಲ್ಲ. ಆಗ ಏನ್ ಮಾಡೋದು?

ಆಗ ವ್ಯಾಕ್ ಬಿಡಿ. ಬಿಸಿನೆಸ್ ಬೆಲೆ ಬೇರೆ, ಶೀಲ್ಡ್ ಬೆಲೆ ಬೇರೆ ಲೆಕ್ಕ ಹಾಕಿ ಕೂಡಿಸಿ, ಇದಕ್ಕೆ ಎಪಿವಿ ಅಂತಾರೆ. ಮೇಲೆ ಹೇಳಿದ 75% ಲೋನನ್ನೇ ತಗೊಳ್ಳಿ: 71.25 ಲಕ್ಷ, ಪ್ರತಿ ವರ್ಷ ಅರ್ಧರ್ಧ ಅಸಲು. ಸಾಲ ಇಲ್ಲದ ಬೆಲೆ 14%ನಲ್ಲಿ 98.69. ಬಡ್ಡಿ 7.125 ಮತ್ತು 3.5625, ಶೀಲ್ಡ್ 1.78 ಮತ್ತು 0.89. ಶೆಡ್ಯೂಲ್ ಮೊದಲೇ ನಿಗದಿ ಆಗಿರೋದ್ರಿಂದ ಇದಕ್ಕೆ ಸಾಲದಷ್ಟೇ ರಿಸ್ಕ್, 10%ನಲ್ಲಿ ಇಳಿಸಿದ್ರೆ 2.36 ಲಕ್ಷ. ಒಟ್ಟು 101.04.

ಇದನ್ನ ಆ ಅಣ್ಣನ 104.4ರ ಪಕ್ಕ ಇಟ್ಟು ನೋಡಿ. ಸಾಲದಿಂದ ನಿಜವಾಗಿ ಬಂದಿದ್ದು 2.36 ಲಕ್ಷ, ಅವರ ಶೀಟ್ ತೋರ್ಸಿದ್ದು ಸುಮಾರು 5.7 ಲಕ್ಷ. ಆ 2.36ನಲ್ಲೂ ಒಂದು ಪಾಲು ಮುಂದಿನ ಮೆಷಿನ್‌ಗೆ ಸಿಗಬೇಕಾಗಿದ್ದ ಸಾಲದ ಜಾಗವನ್ನ ಈಗ್ಲೇ ತಿಂದಿದ್ದು.

ಈ ವರ್ಷ ನಷ್ಟ ಇದೆ ಅಂತ ಮೇಡಂ ಹೇಳಿದ್ರು, ಆಗ್ಲೂ ಬಡ್ಡಿ ಗುಣಿಸು 0.75 ಹಾಕ್ಬಹುದಾ?

ಬೇಡ. ಟ್ಯಾಕ್ಸೇ ಕಟ್ಟದೋರಿಗೆ ಉಳಿಯೋ ಟ್ಯಾಕ್ಸ್ ಎಲ್ಲಿದೆ? ಆ ವರ್ಷಗಳಿಗೆ ದರ 14%. ನಮ್ಮ ಮೆಷಿನ್‌ನ ಎರಡೂ ವರ್ಷ ಕಂಪನಿ ಟ್ಯಾಕ್ಸ್ ಕಟ್ಟೋ ಸ್ಥಿತಿಯಲ್ಲೇ ಇರಲ್ಲ ಅಂದ್ರೆ ಶೀಲ್ಡ್‌ನ 1.31 ಲಕ್ಷ ಹೋಗಿ ಬೆಲೆ 98.69ಕ್ಕೆ ನಿಲ್ಲತ್ತೆ. (ಆಗ ಕ್ಯಾಶ್ ಫ್ಲೋನಲ್ಲಿ ಕಳೆದಿರೋ ಟ್ಯಾಕ್ಸನ್ನೂ ತೆಗೀಬೇಕಾಗತ್ತೆ, ಇಲ್ಲಿ ಶೀಲ್ಡ್ ಒಂದನ್ನೇ ಬಿಡಿಸಿ ತೋರಿಸ್ತಿದೀನಿ.) ಬಿಸಿನೆಸ್ ನಷ್ಟವನ್ನ 8 ವರ್ಷದವರೆಗೆ ಮುಂದಕ್ಕೆ ಎಳ್ಕೊಂಡು ಹೋಗ್ಬಹುದು, ಹಾಗಾಗಿ ಶೀಲ್ಡ್ ಪೂರ್ತಿ ಸತ್ತು ಹೋಗಲ್ಲ, ತಡ ಆಗತ್ತೆ. ಯಾವ ವರ್ಷದಿಂದ ಟ್ಯಾಕ್ಸ್ ಕಟ್ಟೋಕೆ ಶುರು ಅಂತ ವರ್ಷವಾರು ಸಾಲು ಹಾಕಿ, ಶೀಲ್ಡನ್ನ ಆ ವರ್ಷಕ್ಕೆ ತಳ್ಳಿ ಎಪಿವಿಯಲ್ಲಿ ಇಳಿಸಿ. ವ್ಯಾಕ್‌ನಲ್ಲಿ ಟ್ಯಾಕ್ಸ್ ದರವನ್ನ ಅಂದಾಜಲ್ಲಿ 25ರ ಬದಲು 15 ಅಂತ ಹಾಕಿ ಸರಿದೂಗಿಸೋರನ್ನ ನೋಡಿದೀನಿ. ಆ 15 ಎಲ್ಲಿಂದ ಬಂತು ಅಂತ ಆರು ತಿಂಗಳ ನಂತರ ಕೇಳಿದ್ರೆ ಹಾಕಿದವರಿಗೇ ನೆನಪಿರಲ್ಲ, ಕಂಪನಿ ಲಾಭಕ್ಕೆ ಬಂದ ಮೇಲೂ ಅದು ಶೀಟ್‌ನಲ್ಲಿ ಹಾಗೇ ಕೂತಿರತ್ತೆ.